ಕರೆಂಟ್ ಹೋದ ದಿನ: ಮೇಣದಬತ್ತಿ ಇಲ್ಲದೆ ಪ್ರಬಂಧ ಬರೆಸಿದ ನನ್ನ ಅನುಭವ

ಮೂರು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಗೆ ‘ಕರೆಂಟ್ ಹೋಗಿ ಎಲ್ಲವೂ ಬದಲಾದ ದಿನ’ ಅಂತ ಒಂದು ಕಥನ ಪ್ರಬಂಧ ಕೊಟ್ಟಿದ್ದೆ. 15 ಅಂಕ, 250 ಪದ. 43 ಪತ್ರಿಕೆಯಲ್ಲಿ 38ರಲ್ಲೋ 39ರಲ್ಲೋ ಮೇಣದಬತ್ತಿ ಇತ್ತು. ಉಳಿದವರು ಟಾರ್ಚ್ ಹಚ್ಚಿದ್ದರು. ಎಲ್ಲರ ಮನೆಯಲ್ಲೂ ಅಜ್ಜಿ ಕಥೆ ಹೇಳಿದ್ದಳು, ಎಲ್ಲರ ಅಪ್ಪನೂ ಮೊಬೈಲ್ ಪಕ್ಕಕ್ಕಿಟ್ಟಿದ್ದ. ಕೊನೆಯ ಸಾಲಿನಲ್ಲಿ ಇಡೀ ಕ್ಲಾಸೇ ವಿದ್ಯುತ್ ಉಳಿಸುವ ಪಣ ತೊಟ್ಟಿತ್ತು. ಒಬ್ಬ ಹುಡುಗನ ಅಜ್ಜಿ ಅವನು ಐದನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದು ನನಗೆ ಗೊತ್ತು. ಅವಳೂ ಎದ್ದು ಬಂದು ಕಥೆ ಹೇಳಿದ್ದಳು.

“ಸಾರ್, ಸುಮ್ನೆ ಗೈಡಿನಲ್ಲಿರೋದನ್ನ ಬಾಯಿಪಾಠ ಮಾಡಿಸಿ, ಹತ್ತು ಮಾರ್ಕ್ಸ್ ಬರುತ್ತೆ” ಅಂದರು ಪಕ್ಕದ ಸೆಕ್ಷನ್ನಿನ ಮೇಷ್ಟ್ರು. ಅವರು ಹೇಳಿದ್ದು ಸುಳ್ಳಲ್ಲ, ಹತ್ತು ಬರುತ್ತದೆ. ನನಗೆ ಹಟ ಬಂತು, ಅಷ್ಟೇ.

ಮೊದಲು ಮಾಡಿದ್ದು ದೊಡ್ಡ ತಪ್ಪು. ಮಕ್ಕಳಿಗೆ ಅನುಭವ ಆಗಲಿ ಅಂತ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಯಾರಿಗೂ ಹೇಳದೆ ಶಾಲೆಯ ಮೇನ್ ಸ್ವಿಚ್ಚೇ ಆರಿಸಿಬಿಟ್ಟೆ. ಮಕ್ಕಳು ಹೋ ಅಂದರು. ಅದು ಸರಿ. ಆದರೆ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ವಿಜ್ಞಾನದ ಪ್ರಶ್ನೆಪತ್ರಿಕೆ ಸೇವ್ ಆಗದೆ ಹಾರಿಹೋಯಿತು. “ಪ್ರಬಂಧ ಬರೆಸೋಕೆ ಮೇನ್ ಸ್ವಿಚ್ ಯಾಕ್ರೀ ಮುಟ್ತೀರಿ?” ಅಂತ ಹೆಡ್ಮಾಸ್ಟರು ಸ್ಟಾಫ್‌ ರೂಮಿನಲ್ಲೇ ಕೇಳಿದರು. ಆಮೇಲೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿ, ಬೆಂಚಿಗೊಂದು ಮೇಣದಬತ್ತಿ ಹಚ್ಚಿ ಬರೆಸಿದೆ. ಬಟ್ಟೆ, ಬತ್ತಿ, ಜೆರಾಕ್ಸ್ ಎಲ್ಲ ಸೇರಿ ಒಂದು 900 ರೂಪಾಯಿ ಕೈಯಿಂದ ಹೋಯಿತು. ಬಂದದ್ದೇನು? ಮೇಣದಬತ್ತಿಯ ಮೇಲೆ ಇನ್ನೂ ಚೆನ್ನಾದ ವಾಕ್ಯಗಳು! ಎದುರಿಗೆ ಬತ್ತಿ ಇಟ್ಟವನು ನಾನೇ ತಾನೇ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮದು ದೊಡ್ಡಬಳ್ಳಾಪುರ. ಕರೆಂಟಿನಲ್ಲಿ ಓಡುವ ಮಗ್ಗದ ಬೀದಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಟಕಟಕ ಸದ್ದು. ಒಂದು ದಿನ ಪಾಠ ಮಾಡುತ್ತಿರುವಾಗ ಆ ಸದ್ದು ಪಟ್ಟಂತ ನಿಂತಿತು. ಹಿಂದಿನ ಬೆಂಚಿನವನೊಬ್ಬ, “ಸಾರ್, ಕರೆಂಟ್ ಹೋಯ್ತು” ಅಂದ. ಹಗಲು ಹನ್ನೊಂದು ಗಂಟೆ, ಕ್ಲಾಸಿನಲ್ಲಿ ಲೈಟೂ ಹಾಕಿರಲಿಲ್ಲ, ಫ್ಯಾನೂ ಹಾಕಿರಲಿಲ್ಲ. ಅವನಿಗೆ ಗೊತ್ತಾಗಿದ್ದು ಕಿವಿಯಿಂದ. ಈ ಊರಿನ ಮಕ್ಕಳಿಗೆ ಕರೆಂಟ್ ಹೋಗುವುದೆಂದರೆ ಕತ್ತಲೆಯಲ್ಲ, ನಿಶ್ಶಬ್ದ. ನಾನು ಇಷ್ಟು ದಿನ ಅವರಿಂದ ಇನ್ಯಾರದೋ ಮನೆಯ ಕತ್ತಲೆ ಬರೆಸುತ್ತಿದ್ದೆ.

ಮರುದಿನದಿಂದ ಕತ್ತಲೆ, ಮೇಣದಬತ್ತಿ, ಅಜ್ಜಿ ಮೂರೂ ಬಂದ್. ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದೆ: ‘ಕರೆಂಟ್ ಹೋಗದೇ ಇದ್ದಿದ್ದರೆ ______ ನನಗೆ ಗೊತ್ತಾಗುತ್ತಲೇ ಇರಲಿಲ್ಲ.’ ಈ ಖಾಲಿ ಜಾಗ ತುಂಬುವವರೆಗೆ ಮೊದಲ ಸಾಲು ಮುಟ್ಟುವಂತಿಲ್ಲ. ತುಂಬಿದ್ದಕ್ಕೆ ಒಂದು ಪರೀಕ್ಷೆ ಇದೆ. ಕರೆಂಟ್ ಇದ್ದಿದ್ದರೂ ಅದು ಗೊತ್ತಾಗುತ್ತಿತ್ತಾ? ಹೌದಾದರೆ ಹೊಡೆದುಹಾಕು. ‘ಮನೆಯವರ ಪ್ರೀತಿ’ ಅಂತ ತುಂಬಿದವರೆಲ್ಲ ಇಲ್ಲೇ ಬಿದ್ದರು. ಮೊದಲ ವಾರ ಪಾಸಾದವರು ಆರೋ ಏಳೋ ಜನ.

ಅದರಲ್ಲಿ ಒಬ್ಬಳು ಹುಡುಗಿ. ಮನೆಯಲ್ಲಿ ನಾಲ್ಕು ಮಗ್ಗ. ಅವಳು ತುಂಬಿದ್ದು: ‘ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ ಅಂತ’. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗ್ಗದ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಇಲ್ಲವೇ ಕೈಸನ್ನೆ ಮಾಡುತ್ತಾರೆ. ಒಬ್ಬನಿಗೆ ಕೇಳಿಸದಿದ್ದರೂ ಅಲ್ಲಿ ಯಾರಿಗೆ ತಿಳಿಯಬೇಕು?

ಆದರೆ ಅವಳ ಮೊದಲ ಕರಡು ಕೆಟ್ಟದಾಗಿತ್ತು. ‘ಅಂದು ಭಾನುವಾರ, ಸೂರ್ಯನು ಉದಯಿಸಿದ್ದನು’ ಅಂತ ಎಂಟು ಸಾಲು ಹೋಗಿ, ಒಂಬತ್ತನೇ ಸಾಲಿನಲ್ಲೇ ಕಿವಿಯ ವಿಷಯ ಹೇಳಿ ಮುಗಿಸಿ, ಉಳಿದದ್ದೆಲ್ಲ ಶಬ್ದಮಾಲಿನ್ಯದ ಮೇಲೆ ಉಪದೇಶ. ಸೂರ್ಯನನ್ನು ತೆಗೆಸಿದೆ. ಶುರುವಿಗೆ ನಾಲ್ಕೇ ಸಾಲು ಕೊಟ್ಟೆ. ಆ ನಾಲ್ಕರಲ್ಲಿ ಎರಡು ವಿಷಯ ಬರಬೇಕು: ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುವುದು, ಬೆಳಿಗ್ಗೆ ಅಪ್ಪ ಅಮ್ಮ ಜಗಳವಾಡಿದ್ದು. ಐದನೇ ಸಾಲಿನಲ್ಲಿ ಮಗ್ಗ ನಿಲ್ಲಬೇಕು.

ಆಮೇಲೆ ಒಂದೇ ದೃಶ್ಯ. ಲಾಳಿ ಅರ್ಧದಲ್ಲೇ ನಿಂತು ಹಾಸಿನ ಎಳೆಗಳು ಕಿತ್ತಿವೆ, ಅಪ್ಪ ಬಗ್ಗಿ ಗಂಟು ಹಾಕುತ್ತಿದ್ದಾನೆ. ಅಮ್ಮ ಅಡುಗೆಮನೆಯಿಂದ ಕೂಗದೆ, ಮಾಮೂಲಿ ದನಿಯಲ್ಲಿ, “ರೀ, ಕಾಫಿ ಆರಿಹೋಗ್ತಿದೆ” ಅನ್ನುತ್ತಾಳೆ. ಅಪ್ಪ ತಿರುಗುವುದಿಲ್ಲ. ಮೂರು ಸಲ. ಬೆಳಗಿನ ಜಗಳದ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಹುಡುಗಿ ಅಂದುಕೊಳ್ಳುತ್ತಾಳೆ. ಓದುವವರೂ ಹಾಗೇ ಅಂದುಕೊಳ್ಳಬೇಕು, ಅದಕ್ಕೇ ಆ ಜಗಳ. ಆಗ ಅವಳ ಕೈಯಿಂದಲೇ ಸ್ಟೀಲ್ ಲೋಟ ಅಪ್ಪನ ಬೆನ್ನ ಹಿಂದೆ ಬೀಳುತ್ತದೆ. ಅಪ್ಪ ಗಂಟು ಹಾಕುತ್ತಲೇ ಇರುತ್ತಾನೆ. ‘ಕಿವಿ’ ಅನ್ನುವ ಪದವನ್ನು ಅಲ್ಲಿಯವರೆಗೆ ಬರೆಯಲು ಬಿಡಲಿಲ್ಲ.

ಇನ್ನೊಂದು ಸಾಲನ್ನು ಅವಳೇ ಹೊಡೆದುಹಾಕಿದ್ದಳು. ಕರೆಂಟ್ ಬಂದು ಮಗ್ಗ ಮತ್ತೆ ಹೊರಟಾಗ ಸೀರೆಯಲ್ಲಿ ನೇಯ್ಗೆ ನಿಂತ ಜಾಗ ಒಂದು ಗೆರೆಯಾಗಿ ಉಳಿಯುತ್ತದೆ ಅಂತ. “ಯಾಕಮ್ಮಾ ತೆಗೆದೆ?” ಅಂದರೆ, “ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸಾರ್?” ಅಂದಳು. ಬೀದಿಯವರಿಗೆ ಗೊತ್ತು, ಪೇಪರ್ ತಿದ್ದುವವರಿಗೆ ಎಲ್ಲಿ ಗೊತ್ತು? ವಾಪಸ್ ಹಾಕಿಸಿದೆ. ಕೊನೆ ಮಾತ್ರ ಪೂರ್ತಿ ಅವಳದೇ. ಮಗ್ಗಗಳು ಮತ್ತೆ ಸದ್ದು ಶುರು ಮಾಡಿದಾಗ ಅಮ್ಮ ಕೂಗಲಿಲ್ಲ, ಹತ್ತಿರ ಹೋಗಿ ಅಪ್ಪನ ಭುಜ ಮುಟ್ಟಿದಳು. ನನಗಿದು ಹೊಳೆಯುತ್ತಿರಲಿಲ್ಲ.

ಎಲ್ಲರಿಗೂ ಇದು ಕೈಹತ್ತಿತು ಅಂತಲ್ಲ. ಹತ್ತು ಹನ್ನೆರಡು ಮಕ್ಕಳು ಭೂತಕಾಲದಲ್ಲಿ ಶುರು ಮಾಡಿ, ಗಾಬರಿಯ ಜಾಗಕ್ಕೆ ಬಂದ ಕೂಡಲೇ ವರ್ತಮಾನಕ್ಕೆ ಜಾರುತ್ತಾರೆ. ‘ಓಡಿದೆನು, ನೋಡುತ್ತೇನೆ, ಬಿದ್ದೆನು.’ ಇದಕ್ಕೆ ಎಡ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮಾಡುವ ಒಂದು ಸಣ್ಣ ಉಪಾಯ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಸೆಕ್ಷನ್ನಿನದು. ಟೈಮಿನದೂ ಕಷ್ಟವಿತ್ತು. ಖಾಲಿ ಜಾಗ ತುಂಬಲು ಹತ್ತು ನಿಮಿಷ ಹೋದರೆ 250 ಪದ ಬರೆಯಲು 25 ನಿಮಿಷವೂ ಉಳಿಯುವುದಿಲ್ಲ. ಅದಕ್ಕೆ ಪರೀಕ್ಷೆಗೆ ಮುಂಚೆಯೇ ತಲಾ ಮೂರು ನಿಜ ಘಟನೆ ಜೇಬಿನಲ್ಲಿರಲಿ ಅಂದೆ. ಯಾವ ವಿಷಯ ಬಂದರೂ ಒಂದಾದರೂ ಹೊಂದುತ್ತದೆ.

ನಡುವೆ ಒಂದು ಹುಚ್ಚು. ಪದ ಮಿತಿ 120ಕ್ಕೆ ಇಳಿಸಿದರೆ ಹೇಗೆ ಅಂತ ನೋಡಿದೆ. ಜಾಣ ಮಕ್ಕಳು ಇನ್ನೂ ಚೆನ್ನಾಗಿ ಬರೆದರು. ಸಾಧಾರಣ ಮಕ್ಕಳದು ಟೆಲಿಗ್ರಾಂ ಆಯಿತು. ಬಿಟ್ಟುಬಿಟ್ಟೆ.

ವಾರ್ಷಿಕ ಪರೀಕ್ಷೆಗೆ ಅದೇ ವಿಷಯ ಮತ್ತೆ ಕೊಟ್ಟೆವು. ನನ್ನ ಮೇಲೆ ಅನುಮಾನ ಬೇಡ ಅಂತ ಬೇರೆ ಶಾಲೆಯವರ ಕೈಲಿ ತಿದ್ದಿಸಿದೆವು. ಅರ್ಧವಾರ್ಷಿಕದಲ್ಲಿ ಸರಾಸರಿ 8 ಇದ್ದದ್ದು 11ರ ಹತ್ತಿರ ಬಂತು. ಆ ಹುಡುಗಿಗೆ 14. ತಿದ್ದಿದವರು ಗೆರೆಯ ಸಾಲಿನ ಪಕ್ಕ ‘ಹೌದಾ?’ ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಗೈಡಿನ ಮೇಷ್ಟ್ರು ಒಂದು ಸಂಜೆ ಬಂದು, “ಆ ಖಾಲಿ ಜಾಗದ ಶೀಟು ಒಂದು ಕಾಪಿ ಕೊಡಿ” ಅಂದರು. ಕೊಟ್ಟೆ. ಪೆನ್ಸಿಲ್ಲಿನ ವಿಷಯ ಕೊಡಲಿಲ್ಲ.

ಈ ಸಲ ವಿಷಯ ‘ಬಸ್ ತಪ್ಪಿದ ದಿನ’. ನಿನ್ನೆ ರಾತ್ರಿ ಕಟ್ಟು ಬಿಚ್ಚಿ ನೋಡಿದೆ. 40 ಪತ್ರಿಕೆಯಲ್ಲಿ 31ರಲ್ಲಿ ಒಬ್ಬ ಒಳ್ಳೆಯ ಆಟೋ ಡ್ರೈವರ್ ಬಂದಿದ್ದಾನೆ. ಸೋಮವಾರದಿಂದ ಆಟೋ ಬಂದ್.