ಡೆಟ್ರಾಯಿಟ್‌ನಿಂದ ಮರಳಿದ ಮೇಲೆ ನಾನು ಬೆಳಗಿನ ಬಿಸಿಲನ್ನು ಬಿಟ್ಟದ್ದು ಏಕೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾಗುವ ಯಂತ್ರಗಳನ್ನು ಹೊರದೇಶದ ಗಿರಾಕಿಗಳ ಜಾಗದಲ್ಲಿ ಕೂರಿಸಿ, ಮಟ್ಟ ಹಿಡಿದು, ಓಡಿಸಿ ಕೊಟ್ಟು ಬರುವುದು ನನ್ನ ಕೆಲಸ. ಹೀಗಾಗಿ ಜರ್ಮನಿಗೂ ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತಲಿಗೂ ಹೋಗಿ ಬರುವುದು ನನಗೆ ವರ್ಷದಲ್ಲಿ ಮೂರು ನಾಲ್ಕು ಸಲ ತಪ್ಪಿದ್ದಲ್ಲ. ಜರ್ಮನಿಗೆ ಹೋದಾಗ ಬೇಸಿಗೆಯಲ್ಲಿ ಮೂರೂವರೆ ಗಂಟೆಯ ವ್ಯತ್ಯಾಸ. ಎರಡು ದಿನ ನಸುಕಿಗೇ ಎಚ್ಚರವಾಗುತ್ತದೆ, ಮೂರನೆಯ ದಿನಕ್ಕೆ ಎಲ್ಲವೂ ಸರಿಹೋಗುತ್ತದೆ. ಎರಡೇ ದಿನದ ಕೆಲಸವಿದ್ದರೆ ನಾನು ಅಲ್ಲಿನ ಹೊತ್ತಿಗೆ ಒಗ್ಗಿಕೊಳ್ಳಲು ಪ್ರಯತ್ನಿಸುವುದೂ ಇಲ್ಲ. ಬೇಗ ಮಲಗಿ ಬೇಗ ಎದ್ದು ಊರಿನ ಲೆಕ್ಕದಲ್ಲೇ ಇದ್ದು ಬಂದುಬಿಡುತ್ತೇನೆ. ನಾನು ಬರೆಯಬೇಕೆಂದಿರುವುದು ಡೆಟ್ರಾಯಿಟ್‌ನಿಂದ ಮರಳುವ ಪ್ರಯಾಣದ ಬಗ್ಗೆ. ಅಲ್ಲಿ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಈ ಒಂಬತ್ತೂವರೆ ಎಂಬ ಸಂಖ್ಯೆಯೇ ನನ್ನನ್ನು ಮೊದಲ ಸಲ ಹದಿಮೂರು ದಿನ ಕಾಡಿತು.

ಆ ಸಲ ಮೂರು ವಾರ ಅಲ್ಲಿದ್ದು, ಫ್ರಾಂಕ್‌ಫರ್ಟ್ ಮೂಲಕ ರಾತ್ರಿ ಒಂದೂವರೆಗೆ ದೇವನಹಳ್ಳಿಯಲ್ಲಿ ಇಳಿದೆ. ಮನೆ ಸೇರಿದಾಗ ಮೂರು ಗಂಟೆ. ನಿದ್ದೆ ಹತ್ತಿರಕ್ಕೂ ಬರಲಿಲ್ಲ. ಆರೂವರೆಗೆ ಅಮ್ಮ, ‘ಸುಮ್ಮನೆ ಹೊರಳಾಡಬೇಡ, ಎಳೆಬಿಸಿಲಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಬಾ, ಮೈ ಹಗುರಾಗುತ್ತದೆ’ ಎಂದರು. ಹೋದೆ. ಮರುದಿನವೂ ಹೋದೆ. ಆಮೇಲೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿ, ಮಧ್ಯಾಹ್ನವೆಲ್ಲ ಟ್ಯೂಬ್‌ಲೈಟಿನ ಕೆಳಗೆ ಕಳೆದೆ. ಮೂರನೆಯ ದಿನ ಎರಡು ಗಂಟೆಯ ಹೊತ್ತಿಗೆ ಒಂದು ಯಂತ್ರದ ಬೆಡ್‌ನ ಮಟ್ಟ ನೋಡುತ್ತಿದ್ದೆ. ಡಯಲ್ ಗೇಜಿನ ಮುಳ್ಳು ಎರಡು ಗೆರೆ ಎಡಕ್ಕೆ ಸರಿದದ್ದನ್ನು ಬಲಕ್ಕೆ ಎಂದು ಬರೆದುಕೊಂಡು, ಮಟ್ಟ ಸರಿಮಾಡಲು ಅಡಿಗೆ ಕೊಡುವ ತೆಳು ತಗಡಾದ ಶಿಮ್ ಅನ್ನು ತಪ್ಪು ಬದಿಗೆ ಇಡಲು ಹೇಳಿದೆ. ಜೊತೆಗಿದ್ದ ಹುಡುಗ ಮೆಲ್ಲಗೆ, ‘ಸಾರ್, ಮುಳ್ಳು ಆ ಕಡೆ ಹೋಗಿತ್ತಲ್ಲವೇ?’ ಎಂದ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿರುವ ಗೇಜು ಅದು. ಅಂದು ಸಂಜೆಯೇ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕೆಂದು ಕುಳಿತೆ.

ತಿಳಿದದ್ದು ಇಷ್ಟು. ದೇಹದೊಳಗಿನ ಗಡಿಯಾರ ಒಂದೇ ಏಟಿಗೆ ಹೊಸ ಊರಿನ ಹೊತ್ತಿಗೆ ತಿರುಗುವುದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಜರುಗುತ್ತದೆ. ಹೆಚ್ಚಿನವರಲ್ಲಿ ಅದರ ಒಂದು ಸುತ್ತು ಇಪ್ಪತ್ನಾಲ್ಕು ಗಂಟೆಗಿಂತ ಕೊಂಚ ಉದ್ದ. ಆದ್ದರಿಂದ ತಡವಾಗಿ ಮಲಗುವ ಕಡೆಗೆ ಅದನ್ನು ಎಳೆಯುವುದು ಸುಲಭ, ಬೇಗ ಮಲಗುವ ಕಡೆಗೆ ಎಳೆಯುವುದು ಕಷ್ಟ. ಸ್ಥೂಲವಾಗಿ ಹೇಳುವುದಾದರೆ ತಡದ ಕಡೆಗೆ ದಿನಕ್ಕೆ ಒಂದೂವರೆ ಗಂಟೆ, ಬೇಗದ ಕಡೆಗೆ ಒಂದು ಗಂಟೆ. ಪಶ್ಚಿಮಕ್ಕೆ ಹೋದಾಗ ಬೇಕಾದದ್ದು ತಡ, ಪೂರ್ವಕ್ಕೆ ಬಂದಾಗ ಬೇಕಾದದ್ದು ಬೇಗ. ಡೆಟ್ರಾಯಿಟ್‌ಗೆ ಹೋದಾಗ ಆರೇಳು ದಿನಕ್ಕೆ ಸರಿಹೋಗುವ ನಾನು ಮರಳಿದಾಗ ಏಕೆ ಅಷ್ಟು ಒದ್ದಾಡುತ್ತೇನೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಉಳಿದ ಅರ್ಧ ಇರುವುದು ಬೆಳಕಿನಲ್ಲಿ. ದಿನದಲ್ಲೊಮ್ಮೆ ನಮ್ಮ ದೇಹದ ಉಷ್ಣತೆ ಅತಿ ಕೆಳಗೆ ಇಳಿಯುತ್ತದೆ. ಅದು ಸಾಮಾನ್ಯವಾಗಿ ನಾವು ರೂಢಿಯಲ್ಲಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು. ನಾನು ಅದನ್ನು ‘ತಳದ ಹೊತ್ತು’ ಎಂದು ಕರೆದುಕೊಳ್ಳುತ್ತೇನೆ. ನಿದ್ದೆಯ ಸೆಳೆತ ಅತಿ ಜೋರಾಗಿರುವುದೂ ಸುಮಾರಾಗಿ ಆಗಲೇ. ಅದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ತಡದ ಕಡೆಗೆ ತಳ್ಳುತ್ತದೆ, ನಂತರದ ಕೆಲವು ಗಂಟೆಗಳ ಬೆಳಕು ಬೇಗದ ಕಡೆಗೆ. ಬೆಳಕು ಅದೇ, ಬಿಸಿಲು ಅದೇ. ತಳದ ಹೊತ್ತಿನ ಆಚೆಯೋ ಈಚೆಯೋ ಎಂಬುದರ ಮೇಲೆ ಅದರ ಕೆಲಸ ತಿರುಗಿಬೀಳುತ್ತದೆ.

ಈಗ ನನ್ನ ಲೆಕ್ಕ ನೋಡಿ. ಡೆಟ್ರಾಯಿಟ್‌ನಲ್ಲಿ ನಾನು ಹನ್ನೊಂದಕ್ಕೆ ಮಲಗಿ ಆರೂವರೆಗೆ ಏಳುತ್ತಿದ್ದೆ. ತಳದ ಹೊತ್ತು ಬೆಳಗಿನ ಜಾವ ನಾಲ್ಕು. ಬೆಂಗಳೂರಿನಲ್ಲಿ ಅದು ಮಧ್ಯಾಹ್ನ ಒಂದೂವರೆ. ಶಿಮ್ ತಪ್ಪಿದ್ದು ಎರಡು ಗಂಟೆಗೆ ಎಂಬುದನ್ನು ನೆನೆದಾಗ ಮೈ ಜುಮ್ಮೆಂದಿತು. ಒಂದೂವರೆಗೆ ಮುಂಚಿನ ಬಿಸಿಲೆಲ್ಲ, ಅಂದರೆ ಅಮ್ಮ ಹೇಳಿದ ಎಳೆಬಿಸಿಲು, ಸ್ಕೂಟರಿನ ದಾರಿಯ ಬಿಸಿಲು ಎಲ್ಲವೂ ನನ್ನನ್ನು ತಡದ ಕಡೆಗೆ ಎಳೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೂವರೆಯ ನಂತರದ ಬಿಸಿಲು. ಆಗ ನಾನು ಶೆಡ್ಡಿನೊಳಗೆ ಇರುತ್ತಿದ್ದೆ.

ಇಲ್ಲಿಯೇ ದಾಟಿದ ಕಾಲವಲಯಗಳ ಎಣಿಕೆ ಮುಖ್ಯವಾಗುವುದು. ಪೂರ್ವಕ್ಕೆ ಐದಾರು ಗಂಟೆ ದಾಟಿದರೆ ದಾರಿ ಒಂದೇ, ಗಡಿಯಾರವನ್ನು ಬೇಗ ಮಾಡುವುದು. ಎಂಟು ಒಂಬತ್ತು ದಾಟಿದರೆ ದೇಹ ಎರಡು ದಾರಿಯ ಕವಲಿನಲ್ಲಿ ನಿಲ್ಲುತ್ತದೆ. ಒಂಬತ್ತೂವರೆ ಗಂಟೆ ಬೇಗ ಮಾಡಿಕೊಳ್ಳಬಹುದು, ಅಥವಾ ಉಲ್ಟಾ ಸುತ್ತಿಕೊಂಡು ಹದಿನಾಲ್ಕೂವರೆ ಗಂಟೆ ತಡ ಮಾಡಿಕೊಂಡೂ ಅದೇ ಜಾಗ ಸೇರಬಹುದು. ದಿನಕ್ಕೆ ಒಂದು ಗಂಟೆಯಂತೆ ಮೊದಲನೆಯದಕ್ಕೆ ಒಂಬತ್ತು ಹತ್ತು ದಿನ, ಒಂದೂವರೆಯಂತೆ ಎರಡನೆಯದಕ್ಕೂ ಹತ್ತು ದಿನ. ತಕ್ಕಡಿ ಎರಡೂ ಕಡೆ ಸಮ. ನಾನು ಬೆಳಿಗ್ಗೆ ಒಂದು ಕಡೆಗೆ, ರಜೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಕುಳಿತು ಇನ್ನೊಂದು ಕಡೆಗೆ ಎಳೆಯುತ್ತಿದ್ದೆ. ಹದಿಮೂರು ದಿನ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಮುಂದಿನ ಸಲ, ಜುಲೈಯಲ್ಲಿ, ನಾನು ಬೇಗದ ದಾರಿಯನ್ನೇ ಆರಿಸಿಕೊಂಡೆ. ದಿನಗಳ ಲೆಕ್ಕ ಸಮವಾದರೂ ಅದಕ್ಕೆ ಕಾರಣವಿತ್ತು. ತಡದ ದಾರಿಯಲ್ಲಿ ತಳದ ಹೊತ್ತು ಒಂದೂವರೆಯಿಂದ ಮೂರು, ನಾಲ್ಕೂವರೆ, ಆರು ಎಂದು ನಾಲ್ಕು ದಿನ ಇಡೀ ಕೆಲಸದ ಹೊತ್ತನ್ನೂ ಸಂಜೆಯನ್ನೂ ಹಾಯ್ದು ಹೋಗುತ್ತದೆ. ಬೇಗದ ದಾರಿಯಲ್ಲಿ ಅದು ಬೆಳಗಿನ ಕಡೆಗೆ ಸರಿದು, ಕೆಲಸ ಶುರುವಾಗುವುದಕ್ಕೆ ಮೊದಲೇ ಮುಗಿದುಹೋಗುತ್ತದೆ. ಜೊತೆಗೆ ಹೊರಡುವ ಮೊದಲೇ ಒಂದಷ್ಟು ದೂರ ಕ್ರಮಿಸಲು ಅವಕಾಶವಿದೆ. ಡೆಟ್ರಾಯಿಟ್‌ನಲ್ಲಿ ಕೊನೆಯ ಮೂರು ದಿನ ನಿತ್ಯ ಒಂದೊಂದು ಗಂಟೆ ಬೇಗ ಮಲಗಿ, ಬೇಗ ಎದ್ದು, ಬೆಳಕಾದೊಡನೆ ಹೋಟೆಲಿನ ಹಿಂದಿನ ರಸ್ತೆಯಲ್ಲಿ ಅರ್ಧ ಮುಕ್ಕಾಲು ಗಂಟೆ ನಡೆದೆ. ಅಲ್ಲಿನ ಬೇಸಿಗೆಯಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ. ಆದ್ದರಿಂದ ಸಂಜೆಯ ಊಟ ಮುಗಿಸಿ ಪರದೆ ಎಳೆದು ಕೂರಬೇಕಾಯಿತು. ಮೂರು ದಿನಕ್ಕೆ ಪೂರ್ತಿ ಮೂರು ಗಂಟೆ ದಕ್ಕಿತೆಂದು ನಾನು ಲೆಕ್ಕ ಹಾಕಲಿಲ್ಲ, ಎರಡೂವರೆ ಎಂದಿಟ್ಟುಕೊಂಡೆ. ಹಾಗೆ ನೋಡಿದರೆ ಬೆಂಗಳೂರಿನಲ್ಲಿ ಇಳಿದಾಗ ನನ್ನ ತಳದ ಹೊತ್ತು ಒಂದೂವರೆಯಲ್ಲ, ಬೆಳಿಗ್ಗೆ ಹನ್ನೊಂದು.

ಮೊದಲ ದಿನ ಹನ್ನೊಂದರವರೆಗೆ ಕಿಟಕಿಯ ಪರದೆ ತೆಗೆಯಲಿಲ್ಲ. ಅಮ್ಮನಿಗೆ ಇದು ಸರಿಬರಲಿಲ್ಲ. ಬೆಳಗಾದರೂ ಮನೆ ಕತ್ತಲು ಮಾಡಿಕೊಂಡು ಕೂರುವುದು ಶುಭವಲ್ಲ ಎಂದರು. ಹನ್ನೊಂದಾದೊಡನೆ ತಾರಸಿಗೆ ಹೋಗಿ ಎರಡು ಗಂಟೆಯವರೆಗೆ ಅಲ್ಲೇ ಇದ್ದೆ. ಮೋಡ ಮುಸುಕಿತ್ತು. ಆದರೂ ಮೋಡದ ಹಗಲಿನ ಬೆಳಕು ಕೋಣೆಯ ದೀಪಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಎರಡನೆಯ ದಿನ ಹತ್ತು ಗಂಟೆಗೆ, ಮೂರನೆಯ ದಿನ ಒಂಬತ್ತಕ್ಕೆ, ಹೀಗೆ ದಿನಕ್ಕೊಂದು ಗಂಟೆ ಹಿಂದಕ್ಕೆ ಬಂದೆ. ಅಷ್ಟರವರೆಗೆ ಹೊರಗೆ ಕಾಲಿಡಬೇಕಾದರೆ ಕಪ್ಪು ಕನ್ನಡಕ. ಆ ವಾರ ಸ್ಕೂಟರ್ ಮುಟ್ಟಲಿಲ್ಲ, ರಾಜಾಜಿನಗರದಿಂದ ಪೀಣ್ಯಕ್ಕೆ ಮೆಟ್ರೋದಲ್ಲೇ ಹೋದೆ. ಅರೆನಿದ್ದೆಯಲ್ಲಿ ಗಾಡಿ ಓಡಿಸುವುದು ಈ ಇಡೀ ವಿಷಯದಲ್ಲಿ ನಿಜವಾಗಿ ಪ್ರಾಣಕ್ಕೆ ಕುತ್ತು ತರುವ ಸಂಗತಿ. ಅಳತೆಯ ಕೆಲಸವನ್ನು ಸಂಜೆಗೆ ಇಟ್ಟುಕೊಂಡು ಬೆಳಿಗ್ಗೆ ಕಾಗದಪತ್ರ ನೋಡಿದೆ. ಮಧ್ಯಾಹ್ನದ ಮೇಲೆ ಕಾಫಿ ಕುಡಿಯಲಿಲ್ಲ.

ಮೊದಲ ನಾಲ್ಕು ರಾತ್ರಿ ವೈದ್ಯರನ್ನು ಕೇಳಿ ಮಲಗುವ ಹೊತ್ತಿಗೆ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನಾದ ಮೆಲಟೋನಿನ್ ಮಾತ್ರೆ ತೆಗೆದುಕೊಂಡೆ. ಐದು ಅಥವಾ ಹೆಚ್ಚು ವಲಯ ದಾಟಿದವರಿಗೆ, ಅದರಲ್ಲೂ ಪೂರ್ವಕ್ಕೆ ಬಂದವರಿಗೆ ಅದರಿಂದ ಉಪಯೋಗವಿದೆ. ಹೊತ್ತಲ್ಲದ ಹೊತ್ತಿನಲ್ಲಿ ನುಂಗಿದರೆ ಬರಿಯ ಮಂಪರು. ಮೂರ್ಛೆರೋಗ ಇರುವವರು ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ದಾರಿ ಸರಿ ಇದೆಯೇ ಎಂದು ತಿಳಿಯಲು ನಾನು ಒಂದು ಪುಟ್ಟ ನೋಟುಪುಸ್ತಕ ಇಟ್ಟುಕೊಂಡಿದ್ದೆ. ಎಷ್ಟು ನಿದ್ದೆ ಮಾಡಿದೆ ಎಂದು ಬರೆಯುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಬಳಲಿದವನಿಗೆ ಯಾವಾಗ ಬೇಕಾದರೂ ನಿದ್ದೆ ಬರುತ್ತದೆ. ಕಣ್ಣು ತಾನೇ ಮುಚ್ಚಿಕೊಳ್ಳುವಂತಹ, ಮೈ ಸಣ್ಣಗೆ ಚಳಿಗುಟ್ಟುವ ಆ ಗಳಿಗೆ ಯಾವಾಗ ಬಂತು ಎಂದು ಬರೆಯಬೇಕು. ಮೊದಲ ಸಲದ ನೆನಪಿನ ಪ್ರಕಾರ ಅದು ಎರಡು, ಮೂರು, ಮತ್ತೆ ಎರಡು ಎಂದು ತೂಗಾಡಿತ್ತು. ಈ ಸಲ ಹನ್ನೊಂದು, ಹತ್ತೂವರೆ, ಒಂಬತ್ತೂಕಾಲು, ಎಂಟು ಎಂದು ಒಂದೇ ದಿಕ್ಕಿಗೆ ಸರಿಯಿತು. ಅದು ಮಧ್ಯಾಹ್ನದ ಕಡೆಗೆ ಜಾರಿದ್ದರೆ ದೇಹ ಉಲ್ಟಾ ದಾರಿ ಹಿಡಿದಿದೆ ಎಂದು ತಿಳಿದು ಬೆಳಕಿನ ಹೊತ್ತನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತಿತ್ತು. ಏಳನೆಯ ದಿನ ಆರು ಗಂಟೆಗೆ ಎದ್ದು ಅಮ್ಮನ ಜೊತೆ ಎಳೆಬಿಸಿಲಿಗೆ ಹೋದೆ. ಅಷ್ಟು ಹೊತ್ತಿಗೆ ಆ ಬಿಸಿಲು ನನ್ನ ಪರವಾಗಿತ್ತು.

ಕಳೆದ ಜನವರಿಯಲ್ಲಿ ನನ್ನ ಭಾವಮೈದುನ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ರಜೆಗೆ ಬಂದ. ನನ್ನ ಪಟ್ಟಿಯನ್ನೇ ಕಳಿಸಿ ಎಂದು ಕೇಳಿದಾಗ ಬೇಡವೆಂದೆ. ಡೆಟ್ರಾಯಿಟ್‌ಗೂ ಅವನ ಊರಿಗೂ ಮೂರೇ ಗಂಟೆ ವ್ಯತ್ಯಾಸ. ಆದರೆ ಚಳಿಗಾಲದಲ್ಲಿ ಅಲ್ಲಿನ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಅವನು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಗದ ದಾರಿ ಹಿಡಿದರೆ ಎರಡು ವಾರ. ತಡದ ದಾರಿಯಲ್ಲಿ ಬರಿ ಹತ್ತೂವರೆ ಗಂಟೆ, ಅಂದರೆ ಒಂದು ವಾರ. ಅವನ ತಳದ ಹೊತ್ತು ಇಲ್ಲಿನ ಸಂಜೆ ಐದೂವರೆ. ಅಲ್ಲಿಯವರೆಗಿನ ಹಗಲಿನ ಬೆಳಕೆಲ್ಲ ಅವನಿಗೆ ಬೇಕಾದದ್ದೇ, ಆಮೇಲೆ ಬೇಕಾದದ್ದು ಕತ್ತಲು. ಜನವರಿಯಲ್ಲಿ ನಮ್ಮಲ್ಲಿ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಕಪ್ಪು ಕನ್ನಡಕದ ಕೆಲಸವೇ ಹೆಚ್ಚಿಲ್ಲ. ‘ಭಾವ, ಹಾಗಾದರೆ ನಾನು ಏನನ್ನೂ ಬಿಡಬೇಕಾಗಿಲ್ಲವೇ?’ ಎಂದ. ಸಂಜೆ ಐದೂವರೆಯ ಮೇಲೆ ಮೊಬೈಲನ್ನೂ ಹಾಲಿನ ದೊಡ್ಡ ದೀಪವನ್ನೂ ಬಿಡು, ಎಷ್ಟೇ ತೂಕಡಿಕೆ ಬಂದರೂ ಮಧ್ಯಾಹ್ನ ಹೊರಗೇ ಇರು ಎಂದೆ. ಎರಡನೆಯ ದಿನ ಏಳು ಗಂಟೆಗೆ ಊಟದ ತಟ್ಟೆಯ ಮುಂದೆ ತಲೆ ವಾಲಿಸಿದ. ಅಂದು ರಾತ್ರಿ ಹತ್ತಕ್ಕೇ ಎಚ್ಚರವಾಯಿತು. ಮರುದಿನ ಹನ್ನೆರಡಕ್ಕೆ, ಅದರ ಮರುದಿನ ಒಂದೂವರೆಗೆ. ಎಂಟನೆಯ ದಿನ ಅವನನ್ನು ಎಬ್ಬಿಸಿದ್ದು ಹಾಲಿನವನು.