ಜಿದ್ದಾದ ಔಷಧಿ ಅಂಗಡಿಯಲ್ಲಿ ನಾನು ಕಲಿತ ಮರುಹಾರೈಕೆ

ಜಿದ್ದಾದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದ ಅರಬ್ಬಿ ಎಂದರೆ ಊರಿನ ಬ್ಯಾರಿ ಗೆಳೆಯರ ಬಾಯಲ್ಲಿ ಕೇಳಿದ್ದ ‘ಅಸ್ಸಲಾಮು ಅಲೈಕುಮ್’, ಅದಕ್ಕೆ ಉತ್ತರವಾದ ‘ವ ಅಲೈಕುಮುಸ್ಸಲಾಮ್’, ಮತ್ತು ಧನ್ಯವಾದ ಹೇಳುವ ‘ಶುಕ್ರನ್’ ಮಾತ್ರ. ಮೊದಲ ವಾರದಲ್ಲೇ ಹಿರಿಯರೊಬ್ಬರು ಮಾತ್ರೆಗಳನ್ನು ತೆಗೆದುಕೊಂಡು ‘ಯಅತೀಕ್ ಅಲ್-ಆಫಿಯಾ’ ಎಂದರು. ನಾನು ‘ಶುಕ್ರನ್’ ಎಂದೆ. ಅವರು ಇನ್ನೇನೋ ಬರಬೇಕಿತ್ತು ಎಂಬಂತೆ ಒಂದು ಕ್ಷಣ ನಿಂತು, ಆಮೇಲೆ ಹೊರಟರು. ಪಕ್ಕದಲ್ಲಿದ್ದ ಸೂಡಾನಿನ ಸಹೋದ್ಯೋಗಿ ಆಗ ವಿವರಿಸಿದರು: ದುಡಿಯುತ್ತಿರುವವರನ್ನು ಕಂಡಾಗ ‘ದೇವರು ನಿಮಗೆ ಆರೋಗ್ಯ ಕೊಡಲಿ’ ಎಂದು ಹಾರೈಸುವ ಮಾತು ಅದು, ಧನ್ಯವಾದ ಹೇಳಿದರೆ ತಪ್ಪಲ್ಲ, ಆದರೆ ಹಾರೈಕೆಗೆ ಹಾರೈಕೆಯೇ ಮರಳಬೇಕು, ಆದ್ದರಿಂದ ‘ಅಲ್ಲಾಹ್ ಯಿಆಫೀಕ್’ ಎನ್ನಬೇಕು.

ಆ ರಾತ್ರಿ ಎರಡೂ ಮಾತುಗಳನ್ನು ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು ನೋಡಿದಾಗ ‘ಆಫಿಯಾ’ ಮತ್ತು ‘ಯಿಆಫೀಕ್’ ಒಂದೇ ಧಾತುವಿನಿಂದ ಬಂದವು ಎಂಬುದು ಕಾಣಿಸಿತು. ಹಾರೈಸಿದವರ ಪದವನ್ನೇ ಎತ್ತಿಕೊಂಡು, ಅದನ್ನು ಕ್ರಿಯಾಪದವಾಗಿಸಿ, ದೇವರನ್ನು ಕರ್ತೃವಾಗಿ ಮುಂದಿಟ್ಟರೆ ಉತ್ತರ ಸಿದ್ಧವಾಗುತ್ತದೆ. ಹೊಸ ಮನೆ, ಮದುವೆ, ಮಗು, ಕೆಲಸ ಯಾವುದಕ್ಕೇ ಆದರೂ ‘ಮಬ್ರೂಕ್’ ಎಂದರೆ ‘ಅಲ್ಲಾಹ್ ಯಿಬಾರಿಕ್ ಫೀಕ್’ ಎಂಬ ಉತ್ತರ ಬರುವುದು ಹೀಗೆಯೇ. ಕ್ಷೌರ ಮಾಡಿಸಿಕೊಂಡು ಅಥವಾ ಸ್ನಾನ ಮುಗಿಸಿ ಬಂದವರಿಗೆ ‘ನಈಮನ್’ ಎನ್ನುವ ಪದ್ಧತಿಯಿದೆ, ನಮ್ಮಲ್ಲಿ ಅದಕ್ಕೆ ಸಮನಾದ ಮಾತೇ ಇಲ್ಲ. ಅದಕ್ಕೆ ‘ಅಲ್ಲಾಹ್ ಯಿನ್‌ಇಮ್ ಅಲೈಕ್’ ಎಂಬುದು ಉತ್ತರ. ಊರಿಗೆ ಹೋಗಿ ಮರಳಿದಾಗ ನನಗೆ ಎಲ್ಲರೂ ಹೇಳಿದ್ದು ‘ಅಲ್-ಹಮ್ದುಲಿಲ್ಲಾಹ್ ಅಲಾ ಅಸ್ಸಲಾಮಾ’, ಎಂದರೆ ಕ್ಷೇಮವಾಗಿ ಬಂದುದಕ್ಕೆ ದೇವರಿಗೆ ಸ್ತುತಿ. ಸಲಾಮಾ ಎಂಬ ಪದ ಕಿವಿಗೆ ಬಿದ್ದ ಕೂಡಲೇ ‘ಅಲ್ಲಾಹ್ ಯಿಸಲ್ಲಿಮಕ್’ ಎನ್ನಲು ಅಷ್ಟರಲ್ಲಿ ನನಗೆ ಬಂದಿತ್ತು. ಕೊನೆಯ ‘ಅಕ್’ ಗಂಡಸರಿಗೆ ಮಾತ್ರ ಸಲ್ಲುತ್ತದೆ. ಹೆಂಗಸರಿಗೆ ‘ಯಿಸಲ್ಲಿಮಿಕ್’, ಹಲವರಿದ್ದರೆ ‘ಯಿಸಲ್ಲಿಮ್‌ಕುಮ್’ ಆಗಬೇಕು, ಮತ್ತು ನಾನು ಹೆಚ್ಚು ಕಾಲ ಎಡವಿದ್ದು ಇಲ್ಲಿಯೇ.

ಈ ಸೂತ್ರ ಎಲ್ಲ ಕಡೆಗೂ ಒದಗುವುದಿಲ್ಲ. ‘ಸಬಾಹ್ ಅಲ್-ಖೈರ್’ ಎಂಬ ಬೆಳಗಿನ ಶುಭಕ್ಕೆ ‘ಸಬಾಹ್ ಅನ್ನೂರ್’, ಅಂದರೆ ಬೆಳಕಿನ ಬೆಳಗು, ಎಂಬ ಉತ್ತರ ಸಲ್ಲುತ್ತದೆ; ಮಧ್ಯಾಹ್ನ ಕಳೆದ ಮೇಲೆ ‘ಸಬಾಹ್’ ಜಾಗದಲ್ಲಿ ‘ಮಸಾ’ ಬರುತ್ತದೆ. ‘ತಿಸ್ಬಹ್ ಅಲಾ ಖೈರ್’ ರಾತ್ರಿ ಬೀಳ್ಕೊಡುವಾಗ ಮಾತ್ರ ಹೇಳುವಂಥದ್ದು, ಎದುರಾದಾಗ ಹೇಳುವುದಲ್ಲ. ಅದಕ್ಕೆ ಉತ್ತರ ‘ವ ಇಂತ ಮಿನ್ ಅಹ್ಲೂ’, ‘ನೀವೂ ಆ ಶುಭಕ್ಕೆ ಸೇರಿದವರಾಗಿ’. ಸಲಾಮಿನ ವಿಷಯದಲ್ಲಂತೂ ಕುರ್‌ಆನಿನ 4ನೆಯ ಅಧ್ಯಾಯದ 86ನೆಯ ವಚನವೇ, ವಂದನೆಗೆ ಅದಕ್ಕಿಂತ ಉತ್ತಮವಾದುದನ್ನು, ಇಲ್ಲವಾದರೆ ಅಷ್ಟನ್ನಾದರೂ ಮರಳಿಸಿ ಎನ್ನುತ್ತದೆ. ಆದ್ದರಿಂದಲೇ ಉತ್ತರಿಸುವವರು ‘ವ ರಹ್ಮತುಲ್ಲಾಹ್’ ಎಂದು ದೇವರ ಕರುಣೆಯನ್ನೂ ಸೇರಿಸುವುದನ್ನು ಅಂಗಡಿಯಲ್ಲಿ ದಿನವೂ ಕೇಳುತ್ತಿದ್ದೆ.

ಔಷಧಿ ಅಂಗಡಿಯಾದ್ದರಿಂದ ಕಾಯಿಲೆಯ ಮಾತುಗಳು ನನಗೆ ಬೇಗ ರೂಢಿಯಾದವು. ಅಸ್ವಸ್ಥರಿಗೆ ‘ಸಲಾಮಾತ್, ಮಾ ತ್‌ಶೂಫ್ ಶರ್’, ನೀವು ಕೆಡುಕನ್ನು ಕಾಣದಿರಿ, ಎಂದರೆ ಅವರು ‘ಅಶ್ಶರ್ ಮಾ ಯಿಜೀಕ್’, ಕೆಡುಕು ನಿಮ್ಮತ್ತ ಬಾರದಿರಲಿ, ಎನ್ನುತ್ತಾರೆ. ಈ ರೂಢಿಯೇ ಒಮ್ಮೆ ನನ್ನನ್ನು ತಪ್ಪಿಗೆ ಕೆಡವಿತು. ತಾಯಿಗಾಗಿ ಪ್ರತಿ ತಿಂಗಳು ಇನ್ಸುಲಿನ್ ಒಯ್ಯುತ್ತಿದ್ದವರೊಬ್ಬರು ಬಂದು, ಇನ್ನು ಅದು ಬೇಡ, ತಾಯಿ ತೀರಿಕೊಂಡರು ಎಂದಾಗ ನಾನು ಅವಸರದಲ್ಲಿ ‘ಸಲಾಮಾತ್’ ಎಂದುಬಿಟ್ಟೆ. ಕ್ಷೇಮವನ್ನು ಕೋರುವ ಆ ಮಾತು ಸಾವಿನ ಎದುರು ಸಲ್ಲದು. ‘ಅಝ್ಝಮಲ್ಲಾಹು ಅಜ್ರಕ್’, ನಿಮ್ಮ ತಾಳ್ಮೆಯ ಫಲವನ್ನು ದೇವರು ಹಿರಿದಾಗಿಸಲಿ, ಎನ್ನಬೇಕಿತ್ತು. ಸಹೋದ್ಯೋಗಿಯಿಂದ ಅದನ್ನು ಕಲಿತು, ಮುಂದಿನ ಬಾರಿ ಅವರು ಬಂದಾಗ ತಡವಾಗಿಯಾದರೂ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು ‘ಅಜರ್‌ನಾ ವ ಅಜ್ರಕ್’ ಎಂದರು: ಆ ಫಲ ನಮಗೂ ನಿಮಗೂ ಇರಲಿ.

ಜಿದ್ದಾದಲ್ಲಿ ಕಲಿತದ್ದು ಜಿದ್ದಾದ ಬಳಕೆ ಎಂಬುದನ್ನು ಮೊರಾಕೊದ ಯಾತ್ರಿಕರೊಬ್ಬರು ತಿಳಿಸಿಕೊಟ್ಟರು. ಅವರಿಗೆ ನಾನು ಪ್ರೀತಿಯಿಂದ ‘ಯಅತೀಕ್ ಅಲ್-ಆಫಿಯಾ’ ಎಂದಾಗ ಅವರ ಮುಖ ಗಂಭೀರವಾಯಿತು. ಮೊರಾಕೊದ ಆಡುಮಾತಿನಲ್ಲಿ ‘ಆಫಿಯಾ’ ಎಂದರೆ ಬೆಂಕಿ. ತಮ್ಮ ಕಡೆ ಆರೋಗ್ಯಕ್ಕೆ ಬಳಸುವ ಪದ ‘ಸಹ್ಹಾ’ ಎಂದು ಅವರು ವಿವರಿಸಿದರು. ಅಲ್ಲಿಂದೀಚೆಗೆ ಆ ನಾಡಿನವರು ಬಂದರೆ ನಾನು ‘ಅಲ್ಲಾಹ್ ಯಅತೀಕ್ ಅಸ್ಸಹ್ಹಾ’ ಎಂದೇ ಹೇಳುತ್ತೇನೆ.