‘ವೀಗನ್’ ಎಂಬ ಒಂದು ಪದಕ್ಕೆ ನಾನು ಕಟ್ಟಿದ ಕಡತ

ಕಳೆದ ವರ್ಷ ಬೆಂಗಳೂರಿನ ಅಂಗಡಿಯವರೊಬ್ಬರು ನನ್ನ ಲಿಪ್ ಬಾಮ್ ಮತ್ತು ಕೈ ಕ್ರೀಮಿಗೆ ದೊಡ್ಡ ಆರ್ಡರ್ ಕೊಡುವ ಮೊದಲು, ಪೆಟ್ಟಿಗೆಯ ಮೇಲಿರುವ ‘ವೀಗನ್’, ‘ಕ್ರೂಯೆಲ್ಟಿ-ಫ್ರೀ’ ಎಂಬ ಎರಡು ಪದಗಳಿಗೆ ಆಧಾರ ಕೇಳಿದರು. ಅಂದು ಸಂಜೆಯೊಳಗೆ ನಾನು ಮೂವತ್ತು ಚಿಲ್ಲರೆ ಪುಟಗಳ ಕಡತವನ್ನು ಕಳುಹಿಸಿದೆ. ಮೂರು ದಿನಗಳಲ್ಲಿ ಆರ್ಡರ್ ಬಂತು. ಶಿರಸಿಯಲ್ಲಿ ಕುಳಿತು ಇಬ್ಬರು ಕೆಲಸದವರೊಡನೆ ತಿಂಗಳಿಗೆ ಎರಡು ಸಾವಿರ ಟ್ಯೂಬ್ ಮಾಡುವವನಿಗೆ ಯಾವ ಸಪ್ಲೈಯರ್ ಕಚ್ಚಾವಸ್ತುವಿನ ಮೂಲದ ಬಗ್ಗೆ ಪತ್ರ ಬರೆದುಕೊಡುತ್ತಾನೆ ಎಂದು ನಕ್ಕಿದ್ದ ಸ್ನೇಹಿತರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದೇ ತಪ್ಪಿನಿಂದ. ಹಸಿರು ಚುಕ್ಕೆ ಹಾಕಿದರೆ ವೀಗನ್ ಎಂದೇ ಅರ್ಥ ಎಂದುಕೊಂಡು ಜೇನುಮೇಣದ ಬಾಮಿಗೆ ಎರಡು ಸಾವಿರ ಪೆಟ್ಟಿಗೆ ಮುದ್ರಿಸಿಬಿಟ್ಟಿದ್ದೆ. ನಮ್ಮ ಸಸ್ಯಾಹಾರದ ಲೆಕ್ಕದಲ್ಲಿ ಹಾಲು, ಜೇನು, ಜೇನುಮೇಣ ಎಲ್ಲವೂ ಹಸಿರು ಚುಕ್ಕೆಯ ಕಡೆಗೇ ಸೇರುತ್ತವೆ. ವೀಗನ್ ಲೆಕ್ಕದಲ್ಲಿ ಅವು ಯಾವುವೂ ಸಲ್ಲುವುದಿಲ್ಲ. ಗ್ರಾಹಕರೊಬ್ಬರು ಇದನ್ನು ತೋರಿಸಿಕೊಟ್ಟಾಗ ಸುಮಾರು ಹದಿನಾಲ್ಕು ಸಾವಿರ ರೂಪಾಯಿಯ ಪೆಟ್ಟಿಗೆಗಳು ರದ್ದಿಗೆ ಹೋದವು. ಆಹಾರ ಪದಾರ್ಥಗಳಿಗಾಗಿ 2022ರಲ್ಲಿ ಬಂದ ವೀಗನ್ ಚಿಹ್ನೆಯನ್ನು ಸಾಬೂನಿನ ಮೇಲೆ ಅಂಟಿಸುವವರನ್ನೂ ನೋಡಿದ್ದೇನೆ. ಅದು ನಮ್ಮ ವಸ್ತುಗಳಿಗೆ ಸಂಬಂಧಿಸಿದ್ದೇ ಅಲ್ಲ.

ಜೇನುಮೇಣವನ್ನು ತೆಗೆದು ಕ್ಯಾಂಡೆಲಿಲ್ಲಾ ಎಂಬ ಗಿಡದ ಮೇಣ ಹಾಕಿದೆ. ಮೊದಲ ಸಲ ಅಷ್ಟಕ್ಕೆ ಅಷ್ಟೇ, ಅಂದರೆ ಶೇಕಡಾ 20 ಹಾಕಿದ್ದರಿಂದ ಬಾಮ್ ಬಳಪದ ಕಡ್ಡಿಯಂತಾಗಿ ತುಟಿಯ ಮೇಲೆ ಜಾರಲೇ ಇಲ್ಲ. ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 11ಕ್ಕೆ ಇಳಿಸಿದ ಮೇಲೆ ಹದ ಸಿಕ್ಕಿತು. ಆದರೆ ನಾನು ಬಳಸುವ ಮುರುಗಲು ತುಪ್ಪ ನಿಧಾನವಾಗಿ ತಣಿದರೆ ರವೆಯಂತೆ ಕಾಳುಗಟ್ಟುತ್ತದೆ, ಆದ್ದರಿಂದ ಅಚ್ಚುಗಳನ್ನು ಎಷ್ಟು ಹೊತ್ತಿಗೆ ತಂಪಿಗೆ ಸರಿಸಬೇಕು ಎಂಬುದನ್ನು ಕಂಡುಕೊಳ್ಳಲು ಆರೇಳು ಬ್ಯಾಚ್ ಹಾಳಾದವು. ಆ ಹೊತ್ತನ್ನೂ, ಬಿಸಿಲು ನಾಡಿಗೆ ಹೋಗುವ ಪಾರ್ಸೆಲ್ಲಿಗೆಂದು ಸೇರಿಸುವ ಇನ್ನೊಂದು ಮೇಣದ ಪ್ರಮಾಣವನ್ನೂ ನಾನು ಇಲ್ಲಿ ಹೇಳುವುದಿಲ್ಲ. ದುಬಾರಿಯಾಗುತ್ತದೆ ಎಂಬ ಮಾತಂತೂ ನಿಜವಲ್ಲ. ಎರಡು ಕಿಲೋ ಬ್ಯಾಚಿಗೆ ಜೇನುಮೇಣ 400 ಗ್ರಾಂ ಬೇಕಿದ್ದಲ್ಲಿ ಕ್ಯಾಂಡೆಲಿಲ್ಲಾ 220 ಗ್ರಾಂ ಸಾಕು. ನಾನು ಕೊಂಡ ದರದಲ್ಲಿ ವ್ಯತ್ಯಾಸ ಇನ್ನೂರು ರೂಪಾಯಿಯ ಆಸುಪಾಸು, ಅದನ್ನು ನಾನೂರು ಚಿಲ್ಲರೆ ಟ್ಯೂಬುಗಳಿಗೆ ಹಂಚಿದರೆ ತಲಾ ಅರ್ಧ ರೂಪಾಯಿ. ಇಷ್ಟೆಲ್ಲ ಆದ ಮೇಲೆ, ‘ಮುರುಗಲು ತುಪ್ಪ’ ಎಂದು ಓದಿದ ಬೆಂಗಳೂರಿನ ಒಬ್ಬ ಗ್ರಾಹಕರು ವೀಗನ್ ಬಾಮಿನಲ್ಲಿ ತುಪ್ಪ ಹೇಗೆ ಬಂತು ಎಂದು ಪಾರ್ಸೆಲ್ ವಾಪಸು ಕಳುಹಿಸಿದರು! ಈಗ ‘ಮುರುಗಲು ಬೀಜದ ಎಣ್ಣೆಗಟ್ಟಿ’ ಎಂದು ಬರೆಯುತ್ತೇನೆ.

ಬಾಮಿನಲ್ಲಿ ತಪ್ಪು ಕಣ್ಣಿಗೆ ಕಾಣುವಂತಿತ್ತು, ಕ್ರೀಮಿನಲ್ಲಿ ಹಾಗಿರಲಿಲ್ಲ. ಸ್ಟಿಯರಿಕ್ ಆಮ್ಲ, ಗ್ಲಿಸರಿನ್, ಗ್ಲಿಸರೈಲ್ ಸ್ಟಿಯರೇಟ್ ಇವು ತಾಳೆ ಎಣ್ಣೆಯಿಂದಲೂ ಬರುತ್ತವೆ, ದನದ ಕೊಬ್ಬಿನಿಂದಲೂ ಬರುತ್ತವೆ, ಚೀಲದ ಮೇಲಿನ ಹೆಸರು ಮಾತ್ರ ಒಂದೇ. ಫೋನಿನಲ್ಲಿ “ಇದು ವೀಗನ್ನಾ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ ನಾನು ಆ ಪದವನ್ನೇ ಬಿಟ್ಟು, ಮೂಲ ಯಾವ ಗಿಡ ಅಥವಾ ಯಾವ ಪ್ರಾಣಿ, ತಯಾರಿಕೆಯಲ್ಲಿ ಬಳಸುವ ಕಿಣ್ವ ಮತ್ತು ಶೋಧಕ ಯಾವುದು, ಅದೇ ಯಂತ್ರದಲ್ಲಿ ಪ್ರಾಣಿಜನ್ಯ ಮಾಲು ಓಡುತ್ತದೆಯೇ ಎಂದು ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳುತ್ತೇನೆ. ಉತ್ತರ ಮಾರಾಟಗಾರನಿಂದಲ್ಲ, ತಯಾರಕನ ಲೆಟರ್‌ಹೆಡ್ಡಿನಲ್ಲಿ, ಲಾಟ್ ಸಂಖ್ಯೆಯೊಡನೆ ಬರಬೇಕು. ಹನ್ನೊಂದು ಪದಾರ್ಥಗಳಲ್ಲಿ ಏಳಕ್ಕೆ ಒಂದೇ ತಿಂಗಳಲ್ಲಿ ಪತ್ರ ಬಂತು, ಮೂರಕ್ಕೆ ನಾಲ್ಕೈದು ತಿಂಗಳು ಹಿಡಿಯಿತು.

ಹನ್ನೊಂದನೆಯದು ಸ್ಟಿಯರಿಕ್. “ಸಸ್ಯಮೂಲ” ಎಂದು ವ್ಯಾಪಾರಿ ಕೈಬರಹದಲ್ಲಿ ಬರೆದುಕೊಟ್ಟರೂ ತಯಾರಕನ ಪತ್ರ ಬರಲೇ ಇಲ್ಲ. ಮೂರು ಸಾವಿರದಷ್ಟು ಖರ್ಚು ಮಾಡಿ ಲ್ಯಾಬಿನಲ್ಲಿ ಕೊಬ್ಬಿನಾಮ್ಲಗಳ ವಿವರಪಟ್ಟಿ ತೆಗೆಸಿದೆ. ಅಲ್ಲಿ ನೋಡಬೇಕಾದದ್ದು ಸ್ಟಿಯರಿಕ್, ಪಾಮಿಟಿಕ್ ಅಂಕಿಗಳನ್ನಲ್ಲ, ಹದಿನೇಳು ಇಂಗಾಲದ ಮಾರ್ಗರಿಕ್ ಆಮ್ಲವನ್ನು. ಮೆಲುಕು ಹಾಕುವ ಪ್ರಾಣಿಗಳ ಕೊಬ್ಬಿನಲ್ಲಿ ಅದು ಶೇಕಡಾ ಒಂದರ ಹತ್ತಿರ ಇಲ್ಲವೇ ಅದಕ್ಕೂ ಮೇಲಿರುತ್ತದೆ, ತಾಳೆಯಲ್ಲಿ ಹೆಸರಿಗಷ್ಟೇ. ನನ್ನ ಮಾದರಿಯಲ್ಲಿ ಒಂದನ್ನು ದಾಟಿತ್ತು. ಆ ಚೀಲವನ್ನು ವಾಪಸು ಕಳುಹಿಸಿದೆ, ದುಡ್ಡು ಬರಲಿಲ್ಲ. ಈ ಉಪಾಯ ಗ್ಲಿಸರಿನ್ನಿಗೆ ನಡೆಯುವುದಿಲ್ಲ. ಎಲ್ಲಿಂದ ಬಂದರೂ ಅಣು ಒಂದೇ ಆದ್ದರಿಂದ ಅಲ್ಲಿ ಪತ್ರವೊಂದೇ ಗತಿ. ಪತ್ರವಿಲ್ಲದ ಲಾಟ್ ಬಂದ ತಿಂಗಳು ಆ ಬ್ಯಾಚನ್ನು ‘ವೀಗನ್’ ಸ್ಟಿಕರ್ ಇಲ್ಲದೆ ಮಾರುತ್ತೇನೆ. ಅದಕ್ಕೆಂದೇ ಆ ಪದವನ್ನು ಪೆಟ್ಟಿಗೆಯ ಮೇಲೆ ಮುದ್ರಿಸದೆ ಸ್ಟಿಕರಿನಲ್ಲಿ ಇಟ್ಟಿದ್ದೇನೆ.

‘ಕ್ರೂಯೆಲ್ಟಿ-ಫ್ರೀ’ ವಿಷಯದಲ್ಲಿ ನಮ್ಮವರು ತಮ್ಮನ್ನೇ ತಾವು ಮೋಸಗೊಳಿಸಿಕೊಳ್ಳುತ್ತಾರೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿಯೇ ನಿಷೇಧಿಸಿರುವಾಗ, “ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ” ಎಂದು ಹೇಳಿಕೊಳ್ಳುವುದು ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸುತ್ತೇನೆ ಎಂದು ಜಂಬ ಕೊಚ್ಚಿದಂತೆ. ನಿಜವಾದ ಪ್ರಶ್ನೆ ಕಚ್ಚಾವಸ್ತುವಿನದು. ಹಳೆಯ ಪದಾರ್ಥಗಳಲ್ಲಿ ಬಹುತೇಕ ಎಲ್ಲವೂ ಎಂದೋ ಒಮ್ಮೆ ಎಲ್ಲೋ ಪರೀಕ್ಷೆಗೆ ಒಳಗಾದವೇ ಆದ್ದರಿಂದ “ಎಂದಿಗೂ ಇಲ್ಲ” ಎಂದು ಯಾರೂ ಪ್ರಾಮಾಣಿಕವಾಗಿ ಬರೆದುಕೊಡಲಾರರು. ನಾನು ಒಂದು ದಿನಾಂಕ ಹಾಕಿ, ಆ ದಿನದಿಂದೀಚೆಗೆ ತಯಾರಕನಾಗಲಿ ಅವನ ಪರವಾಗಿ ಬೇರೆಯವರಾಗಲಿ ಈ ಪದಾರ್ಥವನ್ನು ಪರೀಕ್ಷಿಸಿಲ್ಲ ಎಂದು ಬರೆಸಿಕೊಳ್ಳುತ್ತೇನೆ, ಪ್ರತಿ ವರ್ಷ ನವೀಕರಿಸುತ್ತೇನೆ. ವಿದೇಶದ ಒಬ್ಬ ತಯಾರಕ, ತನ್ನ ದೇಶದ ರಾಸಾಯನಿಕ ಕಾನೂನು ಕಾರ್ಮಿಕರ ಸುರಕ್ಷತೆಗಾಗಿ ಪರೀಕ್ಷೆ ಕೇಳಬಹುದು, ಆದ್ದರಿಂದ ಸಹಿ ಹಾಕಲಾರೆ ಎಂದು ನೇರವಾಗಿ ತಿಳಿಸಿದ. ಅವನ ನೇರತನ ಮೆಚ್ಚುಗೆಯಾಯಿತು, ಸರಕನ್ನು ಮಾತ್ರ ಬಿಟ್ಟೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಯಂತೆ ‘ಕ್ರೂಯೆಲ್ಟಿ-ಫ್ರೀ’, ‘ನ್ಯಾಚುರಲ್’ ಮುಂತಾದ ಪದಗಳನ್ನು ವಿವರಣೆ ಮತ್ತು ಆಧಾರ ಇಲ್ಲದೆ ಬಳಸುವಂತಿಲ್ಲ. ‘ನ್ಯಾಚುರಲ್’ ಪದವನ್ನು ನಾನು ಒಂಟಿಯಾಗಿ ಬಳಸುವುದನ್ನೇ ಬಿಟ್ಟಿದ್ದೇನೆ. ನನ್ನ ಕ್ರೀಮಿನಲ್ಲಿ ನೂರಕ್ಕೆ 72 ಭಾಗ ನೀರು, 20 ಭಾಗ ಸಸ್ಯಮೂಲದ್ದು, 8 ಭಾಗ ಸಂಶ್ಲೇಷಿತ. ನೀರನ್ನು ಸೇರಿಸಿ ಎಣಿಸಿದರೆ ಶೇಕಡಾ 92 ನೈಸರ್ಗಿಕ, ಬಿಟ್ಟು ಎಣಿಸಿದರೆ 71. ಎರಡೂ ಸುಳ್ಳಲ್ಲ, ಆದರೆ ಗ್ರಾಹಕರು ದುಡ್ಡು ಕೊಡುವುದು ನಮ್ಮ ಬಾವಿಯ ನೀರಿಗಲ್ಲ. ಹಾಗಾಗಿ “ನೀರನ್ನು ಬಿಟ್ಟು ಶೇಕಡಾ 71 ಸಸ್ಯಮೂಲ, ಸಂರಕ್ಷಕ ಸಂಶ್ಲೇಷಿತ” ಎಂದು ಬರೆಯುತ್ತೇನೆ. ಮಾರಾಟ ಬೀಳುತ್ತದೆ ಎಂದು ನನ್ನ ತಮ್ಮ ಜಗಳವಾಡಿದ್ದ, ಎರಡು ತಿಂಗಳು ಬಿದ್ದದ್ದೂ ಹೌದು. ಕಾಸ್ಟಿಕ್ ಸೋಡಾ ಹಾಕಿ ಮಾಡಿದ ಸಾಬೂನಿಗೆ ‘100% ನ್ಯಾಚುರಲ್’ ಎನ್ನುವವರೊಡನೆ ನಾನು ವಾದಕ್ಕೇ ಹೋಗುವುದಿಲ್ಲ.

ಕಡತಕ್ಕೆ ಒಟ್ಟು ತಗುಲಿದ್ದು ಲ್ಯಾಬು, ಹಾಳಾದ ಬ್ಯಾಚು, ರದ್ದಿಯಾದ ಪೆಟ್ಟಿಗೆ ಎಲ್ಲ ಸೇರಿ ನಲವತ್ತು ಸಾವಿರದ ಒಳಗೆ. ಜೇನುಮೇಣದ ಬಾಮನ್ನು ನಿಲ್ಲಿಸಿಲ್ಲ, ಹಳೆಯ ಗ್ರಾಹಕರಿಗೆ ಅದೇ ಬೇಕು. ಅದರ ಪೆಟ್ಟಿಗೆಯ ಮೇಲೆ ‘ಜೇನುಮೇಣ ಇದೆ’ ಎಂದು ಉತ್ಪನ್ನದ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದೇನೆ, ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕಾಯಿಸುತ್ತೇನೆ.